ಮೊದಲು ಯಾವ ಸಾಲ: ಚಿಕ್ಕದೋ, ದುಬಾರಿಯದೋ?

ಮಾನ್ಯ ಸಂಪಾದಕರೇ,

ನಾನು ಹಾಸನದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಯಜಮಾನರು ವೈರಿಂಗ್ ಕೆಲಸ ಮಾಡಿಸುತ್ತಾರೆ, ಮಳೆಗಾಲದಲ್ಲಿ ಅವರಿಗೆ ಕೆಲಸ ಕಡಿಮೆ. ನಾಲ್ಕು ಸಾಲ ಇವೆ. ಕ್ರೆಡಿಟ್ ಕಾರ್ಡ್ ಬಾಕಿ 84,000 ರೂ., ತಿಂಗಳಿಗೆ ಶೇ 3.5 ಬಡ್ಡಿ; ಈಗ ಮಿನಿಮಮ್ 4,200 ಮಾತ್ರ ಕಟ್ಟುತ್ತಿದ್ದೇವೆ. ಪರ್ಸನಲ್ ಲೋನ್ 1,80,000, ವರ್ಷಕ್ಕೆ ಶೇ 16, ಕಂತು 6,330. ಬೈಕ್ ಸಾಲ 27,000, ಶೇ 12, ಕಂತು 2,700. ಫ್ರಿಜ್‌ನ ಬಡ್ಡಿಯಿಲ್ಲದ ಕಂತು 2,000, ಇನ್ನೂ ಆರು ತಿಂಗಳಿದೆ. ಮನೆಖರ್ಚು ಬಿಗಿ ಹಿಡಿದರೆ ತಿಂಗಳಿಗೆ 20,000 ರೂ. ಸಾಲಕ್ಕೆ ಇಡಬಹುದು. ಚಿಕ್ಕ ಸಾಲ ಮೊದಲು ಮುಗಿಸುವ ‘ಸ್ನೋಬಾಲ್’ ಒಳ್ಳೆಯದು ಎಂದು ಅಣ್ಣನ ಮಗ ಹೇಳುತ್ತಾನೆ. ಬಡ್ಡಿ ಹೆಚ್ಚಿರುವುದನ್ನು ಮೊದಲು ಮುಗಿಸುವ ‘ಅವಲಾಂಚ್’ ಮಾಡಿ ಎಂದು ಕಾಲೇಜಿನ ಲೆಕ್ಕಪರಿಶೋಧಕರು ಹೇಳುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ

ನೀವು ಅಂಕಿಗಳನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದರಿಂದ ಎರಡೂ ದಾರಿಯನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿ ನೋಡಲು ಸಾಧ್ಯವಾಯಿತು. ಬಂದ ಉತ್ತರ ನಿಮ್ಮ ಅಣ್ಣನ ಮಗನಿಗೂ ಲೆಕ್ಕಪರಿಶೋಧಕರಿಗೂ ಸ್ವಲ್ಪ ನಿರಾಸೆ ಮಾಡೀತು.

ಎರಡರಲ್ಲೂ ಅರ್ಧ ಭಾಗ ಒಂದೇ. ನಾಲ್ಕೂ ಸಾಲಕ್ಕೆ ಕಡ್ಡಾಯವಾಗಿ ಕಟ್ಟಬೇಕಾದದ್ದನ್ನು ಮೊದಲು ಕಟ್ಟಬೇಕು. ನಿಮ್ಮ ಲೆಕ್ಕದಲ್ಲಿ ಅದು 15,230 ರೂಪಾಯಿ. ಉಳಿಯುವ 4,770 ರೂಪಾಯಿಯನ್ನು ಹಂಚದೆ ಒಂದೇ ಸಾಲದ ಮೇಲೆ ಹಾಕಬೇಕು. ಒಂದು ಸಾಲ ತೀರಿದ ತಿಂಗಳಿಂದ ಅದರ ಕಂತಿನ ಹಣ ಮನೆಖರ್ಚಿಗೆ ಜಾರದೆ ಮುಂದಿನ ಸಾಲಕ್ಕೆ ಹೋಗಬೇಕು. ಇಬ್ಬರ ಜಗಳ ಇರುವುದು ಆ 4,770 ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಮಾತ್ರ.

ಲೆಕ್ಕಪರಿಶೋಧಕರ ವಾದದ ತಿರುಳು ಇಷ್ಟು. ಕಾರ್ಡ್‌ಗೆ ಹೆಚ್ಚುವರಿಯಾಗಿ ಹಾಕಿದ ಪ್ರತಿ ಸಾವಿರ ರೂಪಾಯಿ ತಿಂಗಳಿಗೆ 35 ರೂಪಾಯಿ ಬಡ್ಡಿ ಉಳಿಸುತ್ತದೆ. ಅದೇ ಸಾವಿರ ಪರ್ಸನಲ್ ಲೋನ್‌ಗೆ ಹೋದರೆ ಉಳಿಯುವುದು 13 ರೂಪಾಯಿ ಚಿಲ್ಲರೆ, ಬೈಕ್‌ಗೆ ಹೋದರೆ 10. ಫ್ರಿಜ್‌ಗೆ ಹೋದರೆ ಏನೂ ಇಲ್ಲ.

ಅವರು ಹೇಳಿದಂತೆ ಕಾರ್ಡ್‌ನಿಂದ ಶುರು ಮಾಡಿದರೆ ಮೊದಲ ಆರು ತಿಂಗಳು ಕಾರ್ಡ್‌ಗೆ 8,970 ಹೋಗುತ್ತದೆ. ಫ್ರಿಜ್ ತನ್ನ ಪಾಡಿಗೆ ಮುಗಿದ ಮೇಲೆ 10,970. ಹನ್ನೊಂದನೇ ತಿಂಗಳಲ್ಲಿ ಕಾರ್ಡ್ ತೀರುತ್ತದೆ, ಬೈಕ್ ಸಾಲವೂ ತನ್ನದೇ ಕಂತಿನಲ್ಲಿ ಅದೇ ತಿಂಗಳು ಮುಗಿಯುತ್ತದೆ. ಅಲ್ಲಿಂದ ಇಡೀ 20,000 ಪರ್ಸನಲ್ ಲೋನ್‌ಗೆ. ಹದಿನೆಂಟನೇ ತಿಂಗಳಲ್ಲಿ ಎಲ್ಲವೂ ಮುಗಿದು, ಒಟ್ಟು ಬಡ್ಡಿ ಸುಮಾರು 50,300 ರೂಪಾಯಿ ಆಗುತ್ತದೆ.

ಅಣ್ಣನ ಮಗ ಹೇಳಿದಂತೆ ಮಾಡಿದರೆ ಫ್ರಿಜ್ ಎರಡನೇ ತಿಂಗಳಲ್ಲೇ, ಬೈಕ್ ಐದನೇ ತಿಂಗಳಲ್ಲಿ ತೀರುತ್ತದೆ. ಅಷ್ಟರವರೆಗೆ ಕಾರ್ಡ್‌ಗೆ ಬರೀ 4,200 ಹೋಗುವುದರಿಂದ ನಾಲ್ಕು ತಿಂಗಳ ಕೊನೆಗೂ ಅದರ ಬಾಕಿ 78,700 ಇರುತ್ತದೆ. ಆರನೇ ತಿಂಗಳಿಂದ ತಿಂಗಳಿಗೆ 13,670 ಬೀಳತೊಡಗಿ, ಇದರಲ್ಲೂ ಕಾರ್ಡ್ ಹನ್ನೊಂದನೇ ತಿಂಗಳಲ್ಲೇ ಮುಗಿಯುತ್ತದೆ. ಎಲ್ಲ ಸಾಲ ತೀರುವುದೂ ಹದಿನೆಂಟನೇ ತಿಂಗಳಲ್ಲೇ. ಬಡ್ಡಿ ಸುಮಾರು 53,900.

ಅಂದರೆ ಇಬ್ಬರ ನಡುವಿನ ಅಂತರ ಒಂದೂವರೆ ವರ್ಷಕ್ಕೆ ಸುಮಾರು 3,600 ರೂಪಾಯಿ. ಕಾರ್ಡ್ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಬೇರೆ ಬೀಳುತ್ತದೆ, ಅದನ್ನು ನಾನು ಸೇರಿಸಿಲ್ಲ. ಸೇರಿಸಿದರೆ ಅಂತರ ಇನ್ನಷ್ಟು ಹೆಚ್ಚುತ್ತದೆ, ಆದರೆ ಚಿತ್ರ ಬದಲಾಗುವುದಿಲ್ಲ. ಅಂತರ ಇಷ್ಟು ಕಡಿಮೆಯಾಗಲು ಕಾರಣ ನಿಮ್ಮ ಚಿಕ್ಕ ಸಾಲಗಳು ನಿಜವಾಗಿಯೂ ಚಿಕ್ಕವು; ಕಾರ್ಡ್‌ನ ಸರದಿ ಬೇಗ ಬರುತ್ತದೆ. ಬೈಕ್ ಬದಲು ಎಪ್ಪತ್ತು ಎಂಬತ್ತು ಸಾವಿರದ ಕಡಿಮೆ ಬಡ್ಡಿಯ ಸಾಲವೊಂದು ಕಾರ್ಡ್‌ಗಿಂತ ಮುಂದೆ ನಿಂತಿದ್ದರೆ ನಾನು ಸ್ನೋಬಾಲ್ ಹೆಸರೇ ಎತ್ತುತ್ತಿರಲಿಲ್ಲ.

ನಿಜವಾದ ನಷ್ಟ ಇರುವುದು ಈಗ ನಡೆಯುತ್ತಿರುವ ರೀತಿಯಲ್ಲಿ. ಪ್ರತಿ ತಿಂಗಳೂ ಬಿಲ್‌ನ ಶೇ 5ರಷ್ಟು ಮಿನಿಮಮ್ ಮಾತ್ರ ಕಟ್ಟುತ್ತ ಹೋದರೆ, ಮೂರು ವರ್ಷದಲ್ಲಿ ನೀವು ಕಾರ್ಡ್ ಒಂದಕ್ಕೇ ಸುಮಾರು 1,18,000 ಕಟ್ಟಿರುತ್ತೀರಿ. ಆಗಲೂ 45,700 ಬಾಕಿ ಉಳಿದಿರುತ್ತದೆ. ಶೇ 5ರಲ್ಲಿ ಮೂರೂವರೆ ಬಡ್ಡಿಗೇ ಹೋದರೆ ಅಸಲಿಗೆ ಉಳಿಯುವುದೆಷ್ಟು, ನೀವೇ ನೋಡಿ.

ಹಾಗಾದರೆ ಎರಡರಲ್ಲಿ ಯಾವುದು? ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮುಖ್ಯ ಮಾತು ಮಳೆಗಾಲದ್ದು. ಸ್ನೋಬಾಲ್ ಅಂದರೆ ಮನಸ್ಸಿಗೆ ಹುರುಪು ಕೊಡುವ ಉಪಾಯ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಅಮೆರಿಕದ ಕೆಲಾಗ್ ಸ್ಕೂಲ್‌ನ ಡೇವಿಡ್ ಗ್ಯಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಲದ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದವರೇ ಕೊನೆಗೆ ಪೂರ್ತಿ ಋಣಮುಕ್ತರಾಗುವ ಸಂಭವ ಹೆಚ್ಚು ಎಂದು ಕಂಡುಬಂತು. ಮುಚ್ಚಿದ್ದರಿಂದ ಹುರುಪು ಬಂತೋ, ಹುರುಪಿದ್ದವರೇ ಮುಚ್ಚಿದರೋ ಎಂಬುದನ್ನು ಅಂಥ ಅಂಕಿಗಳಿಂದ ಪೂರ್ತಿ ಬಿಡಿಸಿ ಹೇಳುವುದು ಕಷ್ಟ. ನಿಮಗೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಲಾಭವಿದೆ: ಕಂತು ತೀರಿದಷ್ಟೂ ಕಡ್ಡಾಯದ ಹೊರೆ ಇಳಿಯುತ್ತದೆ.

ಆರನೇ ತಿಂಗಳನ್ನೇ ತೆಗೆದುಕೊಳ್ಳಿ. ಕಾರ್ಡ್ ಮೊದಲು ಎಂದು ಹೊರಟಿದ್ದರೆ ಆ ತಿಂಗಳು ಪರ್ಸನಲ್ ಲೋನ್, ಬೈಕ್, ಫ್ರಿಜ್, ಕಾರ್ಡ್‌ನ ಮಿನಿಮಮ್ ಸೇರಿ ಕಟ್ಟಲೇಬೇಕಾದದ್ದು ಸುಮಾರು 13,700. ಚಿಕ್ಕದು ಮೊದಲು ಎಂದು ಹೊರಟಿದ್ದರೆ ಪರ್ಸನಲ್ ಲೋನ್ ಮತ್ತು ಕಾರ್ಡ್ ಎರಡೇ ಉಳಿದಿದ್ದು, ಸುಮಾರು 9,900. ಯಜಮಾನರ ಕೆಲಸ ನಿಂತ ತಿಂಗಳಲ್ಲಿ ಈ 3,800 ರೂಪಾಯಿ ದೊಡ್ಡದು. ಒಂದು ಕಂತು ತಪ್ಪಿದರೆ ಚೆಕ್ ಬೌನ್ಸ್ ಶುಲ್ಕ, ದಂಡ, ಸಿಬಿಲ್ ಅಂಕದ ಇಳಿತ ಒಂದರ ಹಿಂದೊಂದು ಬರುತ್ತವೆ. ಹಾಗಾಗಿ ಆ 3,600 ರೂಪಾಯಿ ಹೆಚ್ಚಿನ ಬಡ್ಡಿಯನ್ನು ಮಳೆಗಾಲಕ್ಕೆ ಕಟ್ಟಿದ ವಿಮೆಯ ಕಂತು ಎಂದು ನೋಡಬಹುದು.

ಈ ವಿಮೆ ನಿಮಗೆ ಬೇಕೇ ಎಂದು ತಿಳಿಯಲು ಗಂಡ ಹೆಂಡತಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಅತಿ ಕೆಟ್ಟ ತಿಂಗಳಲ್ಲೂ ಸಾಲಕ್ಕೆ 15,000 ಹೊಂದಿಸಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಕಾರ್ಡ್ ಮೊದಲು. ಕೆಲಸವಿಲ್ಲದ ತಿಂಗಳು ಹೆಚ್ಚುವರಿಯನ್ನು ನಿಲ್ಲಿಸಿ ಕಡ್ಡಾಯದ್ದಷ್ಟೇ ಕಟ್ಟಿ, ಮುಂದಿನ ತಿಂಗಳು ಮತ್ತೆ ಹಿಡಿಯಿರಿ. ನಿಮ್ಮ ಸಂಬಳ ಖಾತ್ರಿ ಇರುವುದರಿಂದ ಹೀಗೇ ಆದೀತು ಎಂದು ನನ್ನ ಅಂದಾಜು, ನನ್ನ ಮತವೂ ಇದಕ್ಕೇ. ಆಗುವುದಿಲ್ಲ, ಹತ್ತು ಸಾವಿರಕ್ಕಿಳಿದೀತು ಎಂದಾದರೆ, ಮತ್ತು ಮಳೆಗಾಲಕ್ಕೆ ಇನ್ನೂ ಐದಾರು ತಿಂಗಳಿದ್ದರೆ, ಅಣ್ಣನ ಮಗನ ಮಾತು ಕೇಳಿ. ಮಳೆಗಾಲಕ್ಕೆ ಎರಡೇ ತಿಂಗಳಿದ್ದರೆ ಅಷ್ಟರೊಳಗೆ ತೀರುವುದು ಫ್ರಿಜ್ ಒಂದೇ. ಬೈಕ್‌ಗೆ ಸುರಿದು ಅರ್ಧಕ್ಕೆ ನಿಂತರೆ ಅದರ ಕಂತು ಹಾಗೇ ಉಳಿಯುತ್ತದೆ.

ಯಾವ ದಾರಿ ಹಿಡಿದರೂ ಕಾರ್ಡ್ ವಿಷಯದಲ್ಲಿ ಎರಡು ಕೆಲಸ ಈ ವಾರವೇ ಆಗಬೇಕು. ಒಂದು, ಕಾರ್ಡ್ ಉಜ್ಜುವುದು ನಿಲ್ಲಲಿ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಪೆಟ್ರೋಲ್ ಹಾಕಿಸಿದ ದಿನದಿಂದಲೇ ಬಡ್ಡಿ. ಹೊಸದೇನೂ ಬೀಳುತ್ತಿಲ್ಲ ಎಂದು ತಿಳಿಯಲು ಬಿಲ್‌ನ ಒಟ್ಟು ಬಾಕಿ ನೋಡಿ. ಕಾರ್ಡ್‌ಗೆ 8,970 ಕಟ್ಟುವ ಲೆಕ್ಕದಲ್ಲಿ ಮೊದಲ ತಿಂಗಳು ಅದು, ಜಿಎಸ್‌ಟಿ ಕಳೆದೂ, ಐದೂವರೆ ಸಾವಿರದಷ್ಟು ಇಳಿಯಬೇಕು. ಮೂರೋ ನಾಲ್ಕೋ ಸಾವಿರ ಮಾತ್ರ ಇಳಿದಿದ್ದರೆ ಯಾವುದೋ ಶುಲ್ಕವೋ ಮೊಬೈಲ್ ಆ್ಯಪ್‌ನ ಚಂದಾವೋ ಅಲ್ಲಿ ಕೂತಿದೆ ಎಂದರ್ಥ.

ಇನ್ನೊಂದು, ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿ ಇಡೀ ಬಾಕಿಯನ್ನು ಇಎಂಐ ಆಗಿ ಬದಲಿಸಿಕೊಡುತ್ತೀರಾ ಎಂದು ಕೇಳಿ. ಹಲವು ಬ್ಯಾಂಕುಗಳು ಕಾರ್ಡ್‌ನ ಮಾಮೂಲಿ ಬಡ್ಡಿಗಿಂತ ತುಂಬ ಕಡಿಮೆಗೆ ಕೊಡುತ್ತವೆ. ವರ್ಷಕ್ಕೆ ಶೇ 18ಕ್ಕೆ ಸಿಕ್ಕಿದರೂ ಮೊದಲ ತಿಂಗಳ ಬಡ್ಡಿ 2,940ರಿಂದ 1,260ಕ್ಕೆ ಇಳಿಯುತ್ತದೆ. ಸಂಸ್ಕರಣಾ ಶುಲ್ಕ ಎಷ್ಟು, ನಡುವೆ ಮುಗಿಸಿದರೆ ದಂಡವಿದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ. ಈ ಒಂದು ಫೋನ್‌ನಿಂದ ಉಳಿಯುವುದು, ನೀವು ಸ್ನೋಬಾಲ್‌–ಅವಲಾಂಚ್ ನಡುವೆ ಆರಿಸಿ ಉಳಿಸುವುದಕ್ಕಿಂತ ಹೆಚ್ಚಾಗಬಹುದು. ಹಾಗೆ ಆದರೆ ಬಡ್ಡಿದರಗಳೆಲ್ಲ ಹತ್ತಿರ ಹತ್ತಿರ ಬಂದು, ಸರದಿಯ ಪ್ರಶ್ನೆ ಬಹುಮಟ್ಟಿಗೆ ಬಿದ್ದೇ ಹೋಗುತ್ತದೆ; ಆಗ ಧೈರ್ಯವಾಗಿ ಚಿಕ್ಕದನ್ನು ಮೊದಲು ಮುಗಿಸಬಹುದು.

ಬೈಕ್ ಸಾಲದ ಶೇ 12 ಎಂಬುದನ್ನೂ ಒಮ್ಮೆ ಸಾಲದ ಪತ್ರದಲ್ಲಿ ನೋಡಿ. ಶೋರೂಂಗಳಲ್ಲಿ ಹೇಳುವುದು ಎಷ್ಟೋ ಸಲ ಫ್ಲ್ಯಾಟ್ ದರ, ಅಂದರೆ ಮೊದಲು ಪಡೆದ ಪೂರ್ತಿ ಮೊತ್ತಕ್ಕೆ ಕೊನೆಯವರೆಗೂ ಬಡ್ಡಿ. ಮೂರು ವರ್ಷದ ಸಾಲದಲ್ಲಿ ಶೇ 8 ಫ್ಲ್ಯಾಟ್ ಎಂದರೆ, ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ 14.5ರ ಹತ್ತಿರ. ನಿಮ್ಮದು ಶೇ 12 ಫ್ಲ್ಯಾಟ್ ಆಗಿದ್ದರೆ ಅದು ಪರ್ಸನಲ್ ಲೋನ್‌ಗಿಂತ ದುಬಾರಿ ಸಾಲ, ಸಾಲಿನಲ್ಲಿ ಅದರ ಜಾಗ ಮೇಲಕ್ಕೆ ಹೋಗಬೇಕು.

ಕೊನೆಗೆ ಪರ್ಸನಲ್ ಲೋನ್. ಹನ್ನೆರಡನೇ ತಿಂಗಳಿಂದ 20,000 ಹಾಕುವುದು ಕಾಗದದ ಮೇಲೆ ಸುಲಭ, ಬ್ಯಾಂಕಿನಲ್ಲಿ ಅಷ್ಟು ಸುಲಭವಿಲ್ಲ. ಭಾಗಶಃ ಮುಂಗಡ ಪಾವತಿಯನ್ನು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಒಪ್ಪುವ ಬ್ಯಾಂಕುಗಳಿವೆ. ಪರ್ಸನಲ್ ಲೋನ್ ಬಡ್ಡಿ ಹೆಚ್ಚಾಗಿ ಸ್ಥಿರ ದರದ್ದಾದ್ದರಿಂದ ಅದಕ್ಕೆ ಶುಲ್ಕವೂ ಇರಬಹುದು. ಮಂಜೂರಾತಿ ಪತ್ರದಲ್ಲಿ ಈ ಷರತ್ತು ಈಗಲೇ ಓದಿಟ್ಟುಕೊಳ್ಳಿ. ತಿಂಗಳು ತಿಂಗಳು ತೆಗೆದುಕೊಳ್ಳುವುದಿಲ್ಲ ಎಂದರೆ ಆ 13,670 ರೂಪಾಯಿಯನ್ನು ಬೇರೆ ಉಳಿತಾಯ ಖಾತೆಯಲ್ಲಿ ಕೂಡಿಟ್ಟು ಒಟ್ಟಿಗೆ ಕಟ್ಟಿ. ಕಟ್ಟುವಾಗ ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಲಿಖಿತವಾಗಿ ಕೊಡಿ, ಮತ್ತು ಹಣ ಅಸಲಿಗೆ ಜಮಾ ಆಗಿದೆಯೇ ಎಂದು ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ನೋಡಿ. ಮುಂದಿನ ಕಂತುಗಳ ಮುಂಗಡ ಎಂದು ಬರೆದುಕೊಂಡುಬಿಟ್ಟರೆ ನಿಮಗೆ ಒಂದು ರೂಪಾಯಿ ಬಡ್ಡಿಯೂ ಉಳಿಯುವುದಿಲ್ಲ.