ನಾಮಪದಕ್ಕಿಂತ ಮೊದಲು ಬಂದರೆ ಹೈಫನ್

“ಇಂಗ್ಲಿಷ್ ಅಡಿಬರಹದಲ್ಲಿ ‘ಟೂ-ಡೇ ಟ್ರಿಪ್’ಗೆ ಹೈಫನ್ ಬೇಕಂತೆ, ‘ಎ ಟ್ರಿಪ್ ಆಫ್ ಟೂ ಡೇಸ್’ಗೆ ಏಕೆ ಬೇಡ?”

ಎರಡು ಪದಗಳು ಕೂಡಿ ಒಂದೇ ವಿಶೇಷಣವಾಗಿ ನಾಮಪದಕ್ಕಿಂತ ಮೊದಲು ಬಂದಾಗ ಹೈಫನ್ ಅವುಗಳನ್ನು ಬೆಸೆಯುತ್ತದೆ. ಆಗ ‘ಡೇಸ್’ ಎಂಬ ಬಹುವಚನವೂ ‘ಡೇ’ ಎಂದಾಗುತ್ತದೆ. ಹಾಗೆಯೇ ‘ವೆಲ್-ನೋನ್ ಸಿಂಗರ್’ ಸರಿ, ‘ದ ಸಿಂಗರ್ ಈಸ್ ವೆಲ್ ನೋನ್’ ಎಂಬಲ್ಲಿ ಸಾಮಾನ್ಯವಾಗಿ ಹೈಫನ್ ಬೇಡ. ಕ್ರಿಯಾಪದವೇ ಇಲ್ಲದ ಚಿಕ್ಕ ಅಡಿಬರಹದಲ್ಲಿ ಹೈಫನ್ನಿನ ಲೋಪ ಎದ್ದು ಕಾಣುತ್ತದೆ: ‘ಸ್ಮಾಲ್ ಬಿಸಿನೆಸ್ ಓನರ್’ ಎಂದಷ್ಟೇ ಬರೆದರೆ ಚಿಕ್ಕದು ವ್ಯಾಪಾರವೋ ಮಾಲೀಕರೋ ಎಂಬ ಸಂದೇಹ ಉಳಿಯುತ್ತದೆ, ಮೊದಲೆರಡು ಪದಗಳ ನಡುವೆ ಹೈಫನ್ ಬಿದ್ದೊಡನೆ ಅದು ತೀರುತ್ತದೆ. ‘ನ್ಯೂಲಿ ಬಿಲ್ಟ್ ಹೌಸ್’ನಂತೆ ‘ಲಿ’ಯಿಂದ ಮುಗಿಯುವ ಕ್ರಿಯಾವಿಶೇಷಣದ ನಂತರ ಮಾತ್ರ ಹಾಕಬೇಡಿ, ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುವ ತಪ್ಪು ಇದೇ.