ಪಟ್ಟಿ ಬಿಗಿಯದ ಹೆಲ್ಮೆಟ್ ಮತ್ತು ಆರು ವರ್ಷದ ಮಗಳು

"ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಕಾತ್ರಜ್‌ನಿಂದ ಶಾಲೆಗೆ ಸ್ಕೂಟರಿನಲ್ಲಿ ಬಿಡುತ್ತೇನೆ. ಮಗಳಿಗೆ ನನ್ನ ಹಳೆ ಹೆಲ್ಮೆಟ್ ಹಾಕುತ್ತೇನೆ. ಪಟ್ಟಿ ಬಿಗಿದರೆ ಗಂಟಲು ನೋಯುತ್ತೆ ಅಂತ ಅಳುತ್ತಾಳೆ, ಹಾಗೇ ಬಿಡುತ್ತೇನೆ. ತಲೆ ಮೇಲೆ ಇದ್ದರೆ ಸಾಕಲ್ವಾ? ಚಿಕ್ಕವನಿಗೆ ಏನು ನಿಯಮ?"
– ಓದುಗರೊಬ್ಬರು, ಪುಣೆ

ಸಾಕಾಗಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ 4 ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಹಿಂದೆ ಕೂತವರಿಗೂ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿದ್ದರಷ್ಟೇ ಅದು ಹೆಲ್ಮೆಟ್ ಅಂತ ಅದೇ ಸೆಕ್ಷನ್ ಹೇಳುತ್ತದೆ. ಸ್ಕೂಟರ್ ಬಿದ್ದಾಗ ಪಟ್ಟಿ ಹಾಕದ ಹೆಲ್ಮೆಟ್ ತಲೆ ನೆಲಕ್ಕೆ ಬಡಿಯುವ ಮೊದಲೇ ಹಾರಿಹೋಗಬಹುದು. ಆಮೇಲೆ ಮಗುವಿನ ತಲೆಗೆ ಏನೂ ಆಸರೆ ಇರುವುದಿಲ್ಲ.

ಮಗಳು ಅಳುವುದು ಹಟಕ್ಕಲ್ಲ ಅನಿಸುತ್ತೆ. ಅವಳ ಹುಬ್ಬಿನ ಒಂದು ಬೆರಳು ಮೇಲಿಂದ, ಹಿಂದಲೆಯ ಉಬ್ಬಿದ ಭಾಗದ ಸುತ್ತ ಟೇಪು ಹಿಡಿದು ಅಳೆಯಿರಿ. 52 ಸೆಂ.ಮೀ. ಬಂತು ಅಂದುಕೊಳ್ಳಿ. ನಿಮ್ಮದು 58 ಅಳತೆಯದ್ದಾದರೆ ಸುತ್ತಳತೆಯಲ್ಲಿ 6 ಸೆಂ.ಮೀ. ಹೆಚ್ಚು, ಅಂದರೆ ಒಳಗೆ ಅಡ್ಡಕ್ಕೆ ಸುಮಾರು 2 ಸೆಂ.ಮೀ. ಸಡಿಲ. ಹೆಲ್ಮೆಟ್ ಹಿಂದೆಮುಂದೆ ಜಾರಿದಾಗೆಲ್ಲ ಪಟ್ಟಿ ಗಂಟಲನ್ನು ಎಳೆಯುತ್ತದೆ. ಆದ್ದರಿಂದ ಅವಳ ಅಳತೆಯದ್ದೇ, ಐಎಸ್‌ಐ ಗುರುತು ಮತ್ತು IS 4151 ಎಂದು ಬರೆದಿರುವ ಹೆಲ್ಮೆಟ್ ಕೊಳ್ಳಿ. ಸೈಕಲ್ ಹೆಲ್ಮೆಟ್ ಅವಳಿಗೆ ಆಗದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹೆಲ್ಮೆಟ್ ಹಾಕಿ ಪಕ್ಕಕ್ಕೆ ಅಲುಗಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಸರಿಯಬೇಕು. ಪಟ್ಟಿ ಗಲ್ಲದ ಕೆಳಗೆ ಒತ್ತಿ ಕೂತು, ಮಧ್ಯೆ ಎರಡು ಬೆರಳಷ್ಟೇ ಹಿಡಿಸಬೇಕು. ಕೊನೆಗೆ ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ಬೇಡ.

ಕೊಂಡಿಯಲ್ಲೂ ಜನ ಎಡವುತ್ತಾರೆ. ಟಕ್ ಎಂದು ಸಿಕ್ಕುವ ಕೊಂಡಿಯಲ್ಲಿ ಪಟ್ಟಿ ಉದ್ದ ಬಿಟ್ಟೇ ಹಾಕಿಕೊಳ್ಳುವುದು ಜಾಸ್ತಿ. ಸಿಕ್ಕಿತು ಅಂತ ನೆಮ್ಮದಿ, ಆದರೆ ಪಟ್ಟಿ ಜೋಲುತ್ತಿರುತ್ತದೆ. ಮೊದಲು ಪಟ್ಟಿಯ ಉದ್ದ ಸರಿಮಾಡಿ, ಆಮೇಲೆ ಕೊಂಡಿ ಹಾಕಿ. ಎರಡು ಉಂಗುರದ ಹೆಲ್ಮೆಟ್ ಆದರೆ ಪಟ್ಟಿಯನ್ನು ಎರಡರೊಳಗೂ ತೂರಿಸಿ, ಹೊರಗಿನದರ ಮೇಲಿಂದ ಹಿಂದಕ್ಕೆ ತಂದು ಒಳಗಿನದರಲ್ಲಿ ಮತ್ತೆ ತೂರಿಸಿ ಎಳೆಯಬೇಕು. ತುದಿಯ ಗುಂಡಿ ಪಟ್ಟಿ ಗಾಳಿಗೆ ಹಾರದಿರಲಿ ಅಂತ ಮಾತ್ರ, ಅದು ಹೆಲ್ಮೆಟನ್ನು ಹಿಡಿಯುವುದಿಲ್ಲ.

ಇನ್ನು ಚಿಕ್ಕವನದು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ 2023ರ ಫೆಬ್ರವರಿಯಿಂದ ಬೇರೆ ನಿಯಮವಿದೆ. ಅವನ ಅಳತೆಯ ಹೆಲ್ಮೆಟ್ ಇರಬೇಕು, ಈ ವಯಸ್ಸಿಗೆ ಮಾನ್ಯ ಗುಣಮಟ್ಟದ ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತದೆ. ಮಗುವಿನ ಎದೆಗೆ ಹಾಕುವ ಕವಚದ ಪಟ್ಟಿಗಳು ನಿಮ್ಮ ಭುಜಕ್ಕೆ ಸಿಕ್ಕಿರಬೇಕು. ಗಂಟೆಗೆ 40 ಕಿ.ಮೀ. ಮೀರಬಾರದು. ದಯವಿಟ್ಟು ಅವನನ್ನು ಮುಂದೆ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಾಕಿದರೆ ಮುಖ ಹ್ಯಾಂಡಲ್‌ಗೇ ಬಡಿಯುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸುವಂತೆಯೂ ಇಲ್ಲ: ಓಡಿಸುವವರ ಜೊತೆ ಒಬ್ಬರಿಗಷ್ಟೇ ಅವಕಾಶ. ಮಗಳನ್ನು ಬಿಟ್ಟು ಬಂದು ಅವನನ್ನು ಕರೆದೊಯ್ಯಿರಿ.