ಸಿನ್ ಕುಕೀ: ಏನನ್ನೂ ಬರೆದಿಟ್ಟುಕೊಳ್ಳದ ಸರ್ವರ್ ನಿಜವಾದ ಗ್ರಾಹಕನನ್ನು ಗುರುತಿಸುವ ಬಗೆ

ಪ್ರಶ್ನೆ: ಮುಂಬೈಯ ನಮ್ಮ ಕನ್ನಡ ಸಂಘದ ಯಕ್ಷಗಾನ ಪ್ರದರ್ಶನಕ್ಕೆ ಟಿಕೆಟ್ ಕಾಯ್ದಿರಿಸುವ ಜಾಲತಾಣವನ್ನು ಒಂದು ಸಣ್ಣ ಲಿನಕ್ಸ್ ಸರ್ವರ್‌ನಲ್ಲಿ ನಡೆಸುತ್ತಿದ್ದೇವೆ. ಬುಕಿಂಗ್ ಶುರುವಾದ ಬೆಳಗ್ಗೆ `dmesg`ನಲ್ಲಿ `Possible SYN flooding on port 443. Sending cookies.` ಎಂಬ ಸಾಲು ಕಂಡಿತು, ಆದರೆ ತಾಣ ನಿಲ್ಲಲಿಲ್ಲ. ಆ ಕುಕೀ ಏನು ಮಾಡಿತು? ಇದು ದಾಳಿಯೋ, ಜನರ ನೂಕುನುಗ್ಗಲೋ?

ಉತ್ತರ:

ನಾನು ನವಿ ಮುಂಬೈಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೀವು ಬರೆದ ಆ ಸಾಲನ್ನು ಕಂಡೊಡನೆ ಗಾಬರಿಯಾಗಿ ಸರ್ವರ್ ಬಂದ್ ಮಾಡಿದವರನ್ನೂ ನೋಡಿದ್ದೇನೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರನ್ನೂ ನೋಡಿದ್ದೇನೆ. ಎರಡೂ ಬೇಡ. ದಾಳಿಯೋ ನೂಕುನುಗ್ಗಲೋ ಎಂಬುದನ್ನು ಕರ್ನಲ್ ಇಟ್ಟಿರುವ ಲೆಕ್ಕದಿಂದಲೇ ತಿಳಿಯಬಹುದು. ಆದರೆ ಆ ಲೆಕ್ಕವನ್ನು ಓದಬೇಕಾದರೆ ಕುಕೀ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಟಿಸಿಪಿ ಸಂಪರ್ಕ ಮೂರು ಹೆಜ್ಜೆಗಳಲ್ಲಿ ಕೂಡಿಬರುತ್ತದೆ. ಗ್ರಾಹಕನ ಮೊಬೈಲ್ ಒಂದು ಸಿನ್ ಪ್ಯಾಕೆಟ್ ಕಳುಹಿಸುತ್ತದೆ, ಸರ್ವರ್ ಸಿನ್-ಆಕ್ ಎಂದು ಉತ್ತರಿಸುತ್ತದೆ, ಮೊಬೈಲ್ ಆಕ್ ಕಳುಹಿಸಿ ಮುಗಿಸುತ್ತದೆ. ಎರಡನೆಯ ಮತ್ತು ಮೂರನೆಯ ಹೆಜ್ಜೆಗಳ ನಡುವಿನ ಅವಧಿಯಲ್ಲಿ ಸಂಪರ್ಕ ಅರೆತೆರೆದಿರುತ್ತದೆ. ಯಾರಿಗೆ ಏನು ಉತ್ತರ ಕೊಟ್ಟೆ ಎಂಬುದನ್ನು ಸರ್ವರ್ ಅಷ್ಟು ಹೊತ್ತು ಒಂದು ಸರದಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಸರದಿಗೆ ಮಿತಿ ಇದೆ. ಲಿನಕ್ಸ್ ಕರ್ನಲ್‌ನಲ್ಲಿ `somaxconn` ಎಂಬ ಮಿತಿ 2019ರ 5.4 ಆವೃತ್ತಿ ಬರುವವರೆಗೂ ತಾನಾಗಿ 128 ಇರುತ್ತಿತ್ತು. ಆ ಆವೃತ್ತಿಯಲ್ಲಿ ಅದನ್ನು 4096ಕ್ಕೆ ಏರಿಸಿದರು.

ದಾಳಿಕೋರ ಹಿಡಿಯುವುದು ಇದೇ ಮಿತಿಯನ್ನು. ಅವನು ಸುಳ್ಳು ವಿಳಾಸಗಳಿಂದ ಬಂದಂತೆ ಸಿನ್‌ಗಳನ್ನು ಕಳುಹಿಸುತ್ತಾನೆ. ಸರ್ವರ್‌ನ ಉತ್ತರ ಯಾವುದೋ ಪಾಳು ವಿಳಾಸಕ್ಕೆ ಹೋಗುತ್ತದೆ, ಅಲ್ಲಿಂದ ಆಕ್ ಬರುವುದೇ ಇಲ್ಲ. ಸರ್ವರ್ ಮಾತ್ರ ಪ್ಯಾಕೆಟ್ ದಾರಿಯಲ್ಲಿ ಕಳೆದಿರಬಹುದೆಂದು 1, 2, 4, 8, 16 ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಸಿನ್-ಆಕ್ ಕಳುಹಿಸಿ, ಕಡೆಗೆ ಇನ್ನೂ 32 ಸೆಕೆಂಡು ಕಾದು ಕೈಬಿಡುತ್ತದೆ. ಒಟ್ಟು 63 ಸೆಕೆಂಡು. 128 ಸ್ಥಾನಗಳ ಸರದಿಯಲ್ಲಿ ಒಂದೊಂದು ಸುಳ್ಳು ಹೆಸರೂ ಇಷ್ಟು ಹೊತ್ತು ಕುಳಿತರೆ, ಅದನ್ನು ಸದಾ ತುಂಬಿಸಿಡಲು ಸೆಕೆಂಡಿಗೆ ಎರಡು ಪ್ಯಾಕೆಟ್‌ಗಿಂತ ಸ್ವಲ್ಪ ಹೆಚ್ಚು ಸಾಕು. ಹಳ್ಳಿಯ ಡಯಲ್-ಅಪ್ ಸಂಪರ್ಕದಿಂದಲೂ ಮಾಡಬಹುದಾದ ಕೆಲಸ! 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸೇವಾ ಸಂಸ್ಥೆ ಇಂಥ ದಾಳಿಯಿಂದಲೇ ನೆಲಕಚ್ಚಿತು. ಆ ದಿನಗಳಲ್ಲೇ ಗೂಢಲಿಪಿ ತಜ್ಞ ಡ್ಯಾನಿಯಲ್ ಬರ್ನ್‌ಸ್ಟೈನ್ ಸಿನ್ ಕುಕೀಯ ಉಪಾಯವನ್ನು ಮುಂದಿಟ್ಟರು.

ಭಾನುವಾರ ಬೆಳಗ್ಗೆ ಮಾಟುಂಗಾದ ಉಡುಪಿ ಹೋಟೆಲಿನ ಬಾಗಿಲಲ್ಲಿ ಮ್ಯಾನೇಜರ್ ಪುಸ್ತಕ ಹಿಡಿದು, ಬಂದವರ ಹೆಸರು ಬರೆದುಕೊಂಡು, ಸರದಿಯಂತೆ ಕರೆಯುವುದನ್ನು ನೀವು ನೋಡಿರುತ್ತೀರಿ. ಯಾರೋ ನೂರಾರು ಸುಳ್ಳು ಹೆಸರು ಬರೆಸಿ ಹೋದರೆ ಪುಟ ತುಂಬಿ, ನಿಜವಾಗಿ ಹಸಿದು ಬಂದವರಿಗೆ ಜಾಗವಿಲ್ಲದಾಗುತ್ತದೆ. ಈಗ ಮ್ಯಾನೇಜರ್ ಪುಸ್ತಕ ಮುಚ್ಚಿಟ್ಟು, ಬಂದವರಿಗೆಲ್ಲ ಹೊತ್ತು, ಎಷ್ಟು ಜನ ಎಂಬುದನ್ನು ಬರೆದು ಸಹಿ ಹಾಕಿದ ಒಂದೊಂದು ಚೀಟಿ ಕೊಡುತ್ತಾರೆ ಎಂದುಕೊಳ್ಳಿ. ಚೀಟಿ ಹಿಡಿದು ಮರಳಿ ಬಂದವರಿಗೆ, ಸಹಿ ತನ್ನದೇ ಎಂದು ಖಚಿತವಾದರೆ ಮೇಜು. ಬಾರದವರಿಗಾಗಿ ಪುಸ್ತಕದಲ್ಲಿ ಒಂದು ಸಾಲೂ ವ್ಯರ್ಥವಾಗುವುದಿಲ್ಲ.

ಟಿಸಿಪಿಯಲ್ಲಿ ಆ ಚೀಟಿ ಎಲ್ಲಿದೆ? ಸಿನ್-ಆಕ್‌ನೊಳಗೆ ಸರ್ವರ್ ತನ್ನ ಆರಂಭಿಕ ಸೀಕ್ವೆನ್ಸ್ ಸಂಖ್ಯೆಯನ್ನು ಕಳುಹಿಸಲೇಬೇಕು. ಅದು 32 ಬಿಟ್‌ಗಳ ಸಂಖ್ಯೆ, ಯಾವುದಾಗಿರಬೇಕು ಎಂಬುದು ಸರ್ವರ್‌ನ ಆಯ್ಕೆ. ಗ್ರಾಹಕ ಆಕ್‌ನಲ್ಲಿ ಅದೇ ಸಂಖ್ಯೆಗೆ ಒಂದು ಕೂಡಿಸಿ ಮರಳಿಸಬೇಕೆಂಬುದು ನಿಯಮ. ಹಾಗಾದರೆ ನೆನಪಿಡಬೇಕಾದುದನ್ನು ಆ ಸಂಖ್ಯೆಯಲ್ಲೇ ಅಡಗಿಸಿ ಕಳುಹಿಸಿದರೆ ಗ್ರಾಹಕನೇ ಅದನ್ನು ಹೊತ್ತು ತರುತ್ತಾನೆ. ಬ್ರೌಸರ್‌ನಲ್ಲಾಗಲಿ ಮೊಬೈಲ್‌ನಲ್ಲಾಗಲಿ ಏನೂ ಬದಲಾಗಬೇಕಿಲ್ಲ. ಈ ಯೋಚನೆಯ ಅಚ್ಚುಕಟ್ಟುತನ ನನಗೆ ಇಂದಿಗೂ ಬಹಳ ಇಷ್ಟ.

ಬರ್ನ್‌ಸ್ಟೈನ್ ಅವರ ಮೂಲ ವಿನ್ಯಾಸದಲ್ಲಿ ಮೇಲಿನ 5 ಬಿಟ್‌ಗಳು ಹೊತ್ತಿಗೆ ಮೀಸಲು: 64 ಸೆಕೆಂಡಿಗೊಮ್ಮೆ ಏರುವ ಎಣಿಕೆಯನ್ನು 32ರಿಂದ ಭಾಗಿಸಿದಾಗ ಉಳಿಯುವ ಶೇಷ. ಮುಂದಿನ 3 ಬಿಟ್‌ಗಳು ಎಂಎಸ್‌ಎಸ್‌ಗೆ, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಎಷ್ಟು ಬೈಟ್ ಹಿಡಿಸಬಹುದು ಎಂಬ ಗಾತ್ರಕ್ಕೆ; ಗಾತ್ರಗಳ ಒಂದು ಪಟ್ಟಿಯಲ್ಲಿ ಅದರ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ಕೆಳಗಿನ 24 ಬಿಟ್‌ಗಳೇ ಸಹಿ: ಎರಡೂ ಕಡೆಯ ಐಪಿ ವಿಳಾಸ, ಎರಡೂ ಕಡೆಯ ಪೋರ್ಟ್, ಹೊತ್ತಿನ ಎಣಿಕೆ, ಇವುಗಳ ಜೊತೆ ಸರ್ವರ್‌ಗೆ ಮಾತ್ರ ಗೊತ್ತಿರುವ ಒಂದು ಗುಟ್ಟನ್ನು ಬೆರೆಸಿ ಲೆಕ್ಕ ಹಾಕಿದ ಹ್ಯಾಶ್.

ಒಂದು ಸಂಪರ್ಕವನ್ನೇ ಹಿಡಿದು ನೋಡೋಣ. ಡೊಂಬಿವಲಿಯಿಂದ ಯಾರೋ ನಿಮ್ಮ ತಾಣ ತೆರೆಯುತ್ತಾರೆ. ಆಗ ಹೊತ್ತಿನ ಶೇಷ 19, ಎಂಎಸ್‌ಎಸ್ ಪಟ್ಟಿಯಲ್ಲಿ 3ನೆಯ ಸಂಖ್ಯೆಯ ಗಾತ್ರ, ಹ್ಯಾಶ್ `5A17C4` ಬಂತು ಎಂದುಕೊಳ್ಳಿ.

```
19 × 8 + 3       = 155 = 0x9B
ಕುಕೀ             = 0x9B5A17C4 = 2606372804
ಗ್ರಾಹಕನ ಆಕ್      = 2606372805
```

ಸಿನ್-ಆಕ್ ಕಳುಹಿಸಿದ ಕೂಡಲೇ ಸರ್ವರ್ ಈ ಗ್ರಾಹಕನನ್ನು ಪೂರ್ತಿ ಮರೆತುಬಿಡುತ್ತದೆ. ಆಕ್ ಬಂದಾಗ ಒಂದು ಕಳೆದು, ಮೇಲಿನ 155ನ್ನು 8ರಿಂದ ಭಾಗಿಸುತ್ತದೆ: ಭಾಗಲಬ್ಧ 19, ಶೇಷ 3. ಹೊತ್ತು ಇತ್ತೀಚಿನದೇ ಎಂದು ನೋಡುತ್ತದೆ. ಬಂದ ಪ್ಯಾಕೆಟ್‌ನ ವಿಳಾಸ ಮತ್ತು ಪೋರ್ಟ್‌ಗಳನ್ನು ತೆಗೆದುಕೊಂಡು ಹ್ಯಾಶನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. `5A17C4` ಬಂದರೆ ಚೀಟಿ ತನ್ನದೇ. ಶೇಷದ 3ರಿಂದ ಎಂಎಸ್‌ಎಸ್ ತಿಳಿಯುತ್ತದೆ, ಸಂಪರ್ಕ ನೇರವಾಗಿ ಪೂರ್ತಿ ತೆರೆಯುತ್ತದೆ. ಸುಳ್ಳು ವಿಳಾಸ ಬಳಸಿದವನಿಗೆ ಆ ಸಿನ್-ಆಕ್ ತಲುಪಿರುವುದೇ ಇಲ್ಲ, ಆದ್ದರಿಂದ ಯಾವ ಸಂಖ್ಯೆ ಮರಳಿಸಬೇಕೆಂಬುದು ಅವನಿಗೆ ತಿಳಿಯದು. ಲಿನಕ್ಸ್‌ನಲ್ಲಿ ಬಿಟ್‌ಗಳ ಜೋಡಣೆ ಕೊಂಚ ಬೇರೆ, ಹೊತ್ತಿನ ಎಣಿಕೆ 60 ಸೆಕೆಂಡಿಗೊಮ್ಮೆ ಏರುತ್ತದೆ, ಐಪಿವಿ4ಕ್ಕೆ ಎಂಎಸ್‌ಎಸ್ ಪಟ್ಟಿಯಲ್ಲಿ 536, 1300, 1440, 1460 ಎಂಬ ನಾಲ್ಕೇ ಗಾತ್ರಗಳಿವೆ. ತತ್ತ್ವ ಒಂದೇ.

ಇಷ್ಟು ಒಳ್ಳೆಯದಾದರೆ ಯಾವಾಗಲೂ ಕುಕೀಯನ್ನೇ ಏಕೆ ಬಳಸಬಾರದು? 32 ಬಿಟ್‌ಗಳಲ್ಲಿ ಹೆಚ್ಚು ಹಿಡಿಸುವುದಿಲ್ಲ. ಸಿನ್‌ನಲ್ಲಿ ಗ್ರಾಹಕ ಕೇಳಿಕೊಂಡಿದ್ದ ವಿಂಡೋ ಸ್ಕೇಲಿಂಗ್‌ನಂಥ ಅನುಕೂಲಗಳು ಮರೆತುಹೋಗುತ್ತವೆ. ಅದಿಲ್ಲದಿದ್ದರೆ ಒಂದು ಸಲಕ್ಕೆ 64 ಕಿಲೋಬೈಟ್ ಮಾತ್ರ ದಾರಿಯಲ್ಲಿರಬಹುದು. ಹೋಗಿಬರಲು 200 ಮಿಲಿಸೆಕೆಂಡು ಹಿಡಿಯುವ ದೂರದ ದೇಶದ ಗ್ರಾಹಕನಿಗೆ ಸೆಕೆಂಡಿಗೆ ಸುಮಾರು 320 ಕಿಲೋಬೈಟ್ ಮೀರಿ ಸಿಗದು. ಗ್ರಾಹಕ ಟಿಸಿಪಿ ಟೈಮ್‌ಸ್ಟ್ಯಾಂಪ್ ಕಳುಹಿಸುತ್ತಿದ್ದರೆ ಲಿನಕ್ಸ್ ಈ ವಿವರಗಳನ್ನು ಟೈಮ್‌ಸ್ಟ್ಯಾಂಪ್‌ನ ಕೆಳಗಿನ ಬಿಟ್‌ಗಳಲ್ಲಿ ಅಡಗಿಸುತ್ತದೆ, ಆದರೆ ಎಲ್ಲರೂ ಅದನ್ನು ಕಳುಹಿಸುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. ಗ್ರಾಹಕನ ಆಕ್ ದಾರಿಯಲ್ಲಿ ಕಳೆದುಹೋದರೆ, ಮರೆತುಬಿಟ್ಟ ಸರ್ವರ್ ಸಿನ್-ಆಕ್ ಅನ್ನು ಮತ್ತೆ ಕಳುಹಿಸಲಾರದು. ವೆಬ್‌ನಲ್ಲಿ ಗ್ರಾಹಕನೇ ಮೊದಲು ಮಾತಾಡುವುದರಿಂದ ಅವನ ಮುಂದಿನ ಪ್ಯಾಕೆಟ್‌ನಲ್ಲೂ ಅದೇ ಆಕ್ ಸಂಖ್ಯೆ ಬಂದು ಕೆಲಸ ನಡೆಯುತ್ತದೆ. ಇಮೇಲ್ ಸಾಗಿಸುವ, ಸರ್ವರ್ ಮೊದಲು ಮಾತಾಡುವ ಎಸ್‌ಎಂಟಿಪಿಯಲ್ಲಾದರೆ ಸಂಪರ್ಕವಾಯಿತೆಂದು ನಂಬಿದ ಗ್ರಾಹಕ ಸುಮ್ಮನೆ ಕಾಯುತ್ತಾ ಕುಳಿತಿರುತ್ತಾನೆ. ಅದಕ್ಕೇ `net.ipv4.tcp_syncookies` ತಾನಾಗಿ 1 ಇರುತ್ತದೆ: ಸರದಿ ತುಂಬಿದಾಗ ಮಾತ್ರ ಕುಕೀ. 2 ಎಂದರೆ ಸದಾಕಾಲ, ಅದು ಪರೀಕ್ಷೆಗಷ್ಟೇ. 0 ಮಾಡುವ ಗೋಜಿಗೆ ದಯವಿಟ್ಟು ಹೋಗಬೇಡಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮುಂದಿನ ಬುಕಿಂಗ್ ದಿನ ಇದನ್ನು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಓಡಿಸಿ, ವ್ಯತ್ಯಾಸ ನೋಡಿ:

```
nstat -az | grep -E 'Syncookies|ListenOverflows'
```

`SyncookiesSent` ಕೊಟ್ಟ ಚೀಟಿಗಳು, `SyncookiesRecv` ಸರಿಯಾಗಿ ಮರಳಿದ ಚೀಟಿಗಳು. ಆ ನಿಮಿಷದಲ್ಲಿ ಮೊದಲನೆಯದು 6,000 ಏರಿ ಎರಡನೆಯದು 5,800 ಏರಿದ್ದರೆ, ಬಂದವರು ನಿಮ್ಮ ಪ್ರೇಕ್ಷಕರೇ. ಮೊದಲನೆಯದು 90,000 ಏರಿ ಎರಡನೆಯದು ನೂರರೊಳಗೆ ನಿಂತಿದ್ದರೆ ದಾಳಿ. ಹಲವರು `SyncookiesFailed` ಕಡೆ ನೋಡಿ, ಅದು ಏರಿಲ್ಲವೆಂದು ದಾಳಿಯಿಲ್ಲ ಎಂದುಕೊಳ್ಳುತ್ತಾರೆ. ಅದು ಏರುವುದು ತಪ್ಪು ಚೀಟಿ ಹಿಡಿದ ಆಕ್ ಬಂದಾಗ, ಸಿನ್ ದಾಳಿಕೋರ ಆಕ್ ಕಳುಹಿಸುವುದೇ ಇಲ್ಲವಲ್ಲ.

ನೀವು ಹೇಳಿದ ಸಂದರ್ಭದಲ್ಲಿ ನನಗೆ ಹೆಚ್ಚು ಅನುಮಾನ `ListenOverflows` ಮೇಲೆ. ನಿಜವಾದ ಗ್ರಾಹಕ ಅರೆತೆರೆದ ಸರದಿಯಲ್ಲಿರುವುದು ಒಂದು ಹೋಗಿಬರುವಷ್ಟು ಹೊತ್ತು, ಮೊಬೈಲ್ ಜಾಲದಲ್ಲಿ 100 ಮಿಲಿಸೆಕೆಂಡು ಎನ್ನಿ. 128ರ ಸರದಿ ಹಾಗೆ ತುಂಬಬೇಕಾದರೆ ಸೆಕೆಂಡಿಗೆ 1,280 ಹೊಸ ಸಂಪರ್ಕಗಳು ಬೇಕು. ಸಂಘದ ಟಿಕೆಟ್‌ಗೆ ಅಷ್ಟು ಜನ ಒಮ್ಮೆಲೇ ಮುಗಿಬೀಳುವುದು ಅಪರೂಪ. ಸಾಮಾನ್ಯವಾಗಿ ಆಗುವುದೇನೆಂದರೆ, ವೆಬ್ ಸರ್ವರ್ ನಿಧಾನವಾಗಿ, ಪೂರ್ತಿ ತೆರೆದ ಸಂಪರ್ಕಗಳನ್ನೇ ಎತ್ತಿಕೊಳ್ಳದೆ, ಅವು ಕಾಯುವ ಎರಡನೆಯ ಸರದಿ ತುಂಬುತ್ತದೆ; `ListenOverflows` ಏರುವುದು ಆಗಲೇ. ಆಗ ಕರ್ನಲ್ ಹೊಸ ಸಿನ್‌ಗಳನ್ನು ಬಿಸಾಡುತ್ತದೆ, ಕುಕೀ ಇದ್ದರೂ ಪ್ರಯೋಜನವಿಲ್ಲ. `ListenOverflows` ಏರಿದ್ದರೆ ಡೇಟಾಬೇಸ್ ಎಲ್ಲಿ ತಡೆಯುತ್ತಿದೆ ಎಂದು ಹುಡುಕಿ. ಅದು ಏರದೆ `Sent`, `Recv` ಎರಡೂ ಜೊತೆಯಾಗಿ ಏರಿದ್ದರೆ ಮಾತ್ರ ಸರದಿ ಉದ್ದ ಮಾಡಿ: `net.core.somaxconn` ಅನ್ನು 4096 ಮಾಡಿ, ನಿಮ್ಮದು ಎನ್‌ಜಿನ್‌ಎಕ್ಸ್ ಆದರೆ `listen` ಸಾಲಿಗೆ `backlog=4096` ಕೂಡ ಸೇರಿಸಿ. ಇವೆರಡರಲ್ಲಿ ಚಿಕ್ಕದು ಯಾವುದೋ ಅದೇ ಲೆಕ್ಕಕ್ಕೆ ಬರುವುದರಿಂದ ಒಂದನ್ನೇ ಏರಿಸಿದರೆ ಪೂರ್ತಿ ಫಲ ಸಿಗದು.

ನಿಜವಾದ ದಾಳಿಯೇ ಆಗಿದ್ದರೆ ಕುಕೀ ಸರದಿಯನ್ನು ಕಾಯುತ್ತದೆ, ನಿಮ್ಮ ತಂತಿಯನ್ನು ಕಾಯಲಾರದು. 1 ಗಿಗಾಬಿಟ್ ಸಂಪರ್ಕದಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 14.88 ಲಕ್ಷ ಹಿಡಿಸುತ್ತವೆ. ಅಷ್ಟು ತುಂಬಿದ ಮೇಲೆ ಗ್ರಾಹಕರ ಪ್ಯಾಕೆಟ್ ನಿಮ್ಮ ಯಂತ್ರದವರೆಗೆ ತಲುಪುವುದೇ ಕಷ್ಟ, ತಡೆಯುವ ಕೆಲಸ ಮೇಲಿನ ಜಾಲದಲ್ಲೇ ಆಗಬೇಕು. ನಿಮಗೆ ಸರ್ವರ್ ಕೊಟ್ಟವರಿಗೆ ಕರೆ ಮಾಡುವಾಗ `nstat`ನ ಎರಡೂ ಓದುಗಳನ್ನೂ, ಈ ಆದೇಶ ಹಿಡಿದುಕೊಟ್ಟ ಸಾಲುಗಳನ್ನೂ ಕೈಯಲ್ಲಿಟ್ಟುಕೊಳ್ಳಿ. `eth0` ಜಾಗದಲ್ಲಿ ನಿಮ್ಮ ಇಂಟರ್‌ಫೇಸ್‌ನ ಹೆಸರು ಹಾಕಬೇಕು:

```
tcpdump -ni eth0 -c 200 'tcp[tcpflags] == tcp-syn and dst port 443'
```